ವಿಂಗಡಿತ ಅರೇಯಿಂದ ನಕಲುಗಳ ನಿವಾರಣೆ

ವಿಂಗಡಿತ ಅರೇಯಿಂದ ನಕಲುಗಳ ನಿವಾರಣೆ ಎಂಬುದು ಏರಿಕೆ ಅಥವಾ ಇಳಿಕೆಯ ಕ್ರಮದಲ್ಲಿರುವ ಅರೇಯಲ್ಲಿ ಪ್ರತಿಯೊಂದು ಮೌಲ್ಯವನ್ನೂ ಒಮ್ಮೆ ಮಾತ್ರ ಉಳಿಸಿಕೊಳ್ಳುವ ಕ್ರಮವಿಧಿಯಾಗಿದೆ. ಇದಕ್ಕೆ ಎರಡನೆಯ ಅರೇಯ ಅಗತ್ಯವಿಲ್ಲ. ಉಳಿಯಬೇಕಾದ ಮೌಲ್ಯಗಳನ್ನು ಅದೇ ಅರೇಯ ಆರಂಭಕ್ಕೆ ಸರಿಸಿ, ಅವುಗಳ ಸಂಖ್ಯೆಯನ್ನು ಹೊಸ ಉದ್ದವಾಗಿ ಹಿಂತಿರುಗಿಸಲಾಗುತ್ತದೆ.

== ಕಾರ್ಯವಿಧಾನ ==

ವಿಂಗಡಿತ ಅರೇಯಲ್ಲಿ ಸಮಾನ ಮೌಲ್ಯಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಆದುದರಿಂದ ಹೊಸದಾಗಿ ಓದಿದ ಮೌಲ್ಯವನ್ನು ಕೊನೆಯದಾಗಿ ಉಳಿಸಿಕೊಂಡ ಮೌಲ್ಯದೊಂದಿಗೆ ಮಾತ್ರ ಹೋಲಿಸಿದರೆ ಸಾಕು. ಓದುವ ಸೂಚಕ `r` ಪ್ರತಿ ಹೆಜ್ಜೆಯಲ್ಲಿಯೂ ಮುಂದಕ್ಕೆ ಸಾಗುತ್ತದೆ. ಬರೆಯುವ ಸೂಚಕ `w` ಮುಂದಿನ ಭಿನ್ನ ಮೌಲ್ಯವನ್ನು ಇಡಬೇಕಾದ ಸ್ಥಾನವನ್ನು ತೋರಿಸುತ್ತದೆ.

```c
int removeDuplicates(int a[], int n) {
    if (n == 0) return 0;
    int w = 1;
    for (int r = 1; r < n; r++)
        if (a[r] != a[w - 1])
            a[w++] = a[r];
    return w;
}
```

ಮೊದಲ ಮೌಲ್ಯವು ಸದಾ ಉಳಿಯುವುದರಿಂದ ಎರಡೂ ಸೂಚಕಗಳು 1ರಿಂದ ಆರಂಭವಾಗುತ್ತವೆ. `w` ಎಂದಿಗೂ `r` ಅನ್ನು ದಾಟುವುದಿಲ್ಲ. ಹೀಗಾಗಿ ಇನ್ನೂ ಓದದಿರುವ ಯಾವ ಮೌಲ್ಯವೂ ಅಳಿಸಿಹೋಗುವುದಿಲ್ಲ. ಅರೇಯನ್ನು ಒಮ್ಮೆ ಮಾತ್ರ ಓದುವುದರಿಂದ ತಗಲುವ ಕಾಲ O(n), ಹೆಚ್ಚುವರಿ ಸ್ಮೃತಿ O(1).

== ಉದಾಹರಣೆ ==

`[2, 2, 3, 5, 5, 5, 8]` ಎಂಬ ಅರೇಯಲ್ಲಿ ಎರಡನೆಯ 2 ಅನ್ನು ಬಿಡಲಾಗುತ್ತದೆ. ಬಳಿಕ 3 ಸ್ಥಾನ 1ಕ್ಕೂ, ಮೊದಲ 5 ಸ್ಥಾನ 2ಕ್ಕೂ ಬರುತ್ತವೆ. ಉಳಿದ ಎರಡು 5ಗಳನ್ನು ಬಿಟ್ಟು 8 ಅನ್ನು ಸ್ಥಾನ 3ರಲ್ಲಿ ಬರೆಯಲಾಗುತ್ತದೆ. ಕೊನೆಯಲ್ಲಿ ಅರೇ `[2, 3, 5, 8, 5, 5, 8]` ಆಗಿರುತ್ತದೆ ಮತ್ತು 4 ಹಿಂತಿರುಗುತ್ತದೆ. ಮೊದಲ ನಾಲ್ಕು ಮೌಲ್ಯಗಳು ಮಾತ್ರ ಫಲಿತಾಂಶ. ಅವುಗಳ ನಂತರದವು ಹಳೆಯ ಶೇಷಗಳು. ಅರೇಯ ಗಾತ್ರವು ತಾನಾಗಿಯೇ ಕುಗ್ಗುವುದಿಲ್ಲವಾದ್ದರಿಂದ, ಹಿಂತಿರುಗಿದ ಉದ್ದವನ್ನು ಕಡೆಗಣಿಸಿದರೆ ನಕಲುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಸಿ++ ಭಾಷೆಯ `std::unique` ಕೂಡ ಹೀಗೆಯೇ ಹೊಸ ಅಂತ್ಯವನ್ನು ಮಾತ್ರ ತಿಳಿಸುತ್ತದೆ. ವೆಕ್ಟರ್‌ನ ಶೇಷವನ್ನು ತೆಗೆಯಲು `erase` ಅನ್ನು ಪ್ರತ್ಯೇಕವಾಗಿ ಕರೆಯಬೇಕಾಗುತ್ತದೆ.

== ಸಾಮಾನ್ಯ ದೋಷಗಳು ==

`a[w - 1]` ಬದಲಿಗೆ `a[w]` ಜೊತೆಗೆ ಹೋಲಿಸುವುದು ಪತ್ತೆಹಚ್ಚಲು ಕಷ್ಟವಾದ ದೋಷ. ಮೇಲಿನ ಉದಾಹರಣೆಯಲ್ಲಿ ಈ ತಪ್ಪು ಕ್ರಮವೂ ಆಕಸ್ಮಿಕವಾಗಿ ಸರಿಯಾದ ಉತ್ತರವನ್ನೇ ನೀಡುತ್ತದೆ. ಆದರೆ ನಕಲುಗಳೇ ಇಲ್ಲದ `[2, 3, 5]` ಅರೇಯಲ್ಲಿ 3 ತನ್ನೊಂದಿಗೆ ತಾನೇ ಹೋಲಿಕೆಯಾಗಿ ನಕಲೆಂದು ಪರಿಗಣಿತವಾಗುತ್ತದೆ. ಫಲಿತಾಂಶ `[2, 5]` ಆಗಿ 3 ಕಳೆದುಹೋಗುತ್ತದೆ. ಆದ್ದರಿಂದ ನಕಲುಗಳಿಲ್ಲದ ಅರೇಯ ಮೇಲೆಯೂ ಪರೀಕ್ಷೆ ನಡೆಸುವುದು ಅವಶ್ಯಕ.

ಅರೇ ವಿಂಗಡಿತವಾಗಿಲ್ಲದಿದ್ದರೆ ಈ ವಿಧಾನವು ಪಕ್ಕಪಕ್ಕದ ನಕಲುಗಳನ್ನು ಮಾತ್ರ ತೆಗೆಯುತ್ತದೆ. `[2, 3, 2]` ಎಂಬುದು ಯಾವ ಬದಲಾವಣೆಯೂ ಇಲ್ಲದೆ ಉಳಿದು, ಉದ್ದ 3 ಎಂದೇ ಹಿಂತಿರುಗುತ್ತದೆ.