ಅಗಲಿದ ಹಿರಿಯರು ಮತ್ತು ಅರ್ಜಿಯ ಪ್ರಬಂಧ

ಹಿರಿಯರೊಬ್ಬರು ತೀರಿಕೊಂಡಾಗ ನಮ್ಮ ಮನೆಗಳಲ್ಲಿ ಸಿದ್ಧವಾಗುವ ಬರಹ ಸಾಮಾನ್ಯವಾಗಿ ಒಂದೇ ಬಗೆಯದು. ಪತ್ರಿಕೆಯ ಶ್ರದ್ಧಾಂಜಲಿಯಾಗಲಿ, ಉತ್ತರಕ್ರಿಯೆಯ ಆಹ್ವಾನವಾಗಲಿ, ಅಗಲಿದವರ ಗುಣಗಳನ್ನು ಹೇಳಿ ಉಳಿದವರ ದುಃಖವನ್ನು ತಿಳಿಸಿ ಮುಗಿಯುತ್ತದೆ. ಅದು ಆ ಸಂದರ್ಭಕ್ಕೆ ತಕ್ಕ ರೀತಿಯೇ ಸರಿ. ಆದರೆ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರು, ಅಲ್ಲಿ ಕೇಳುವ ಸ್ವಂತ ಪ್ರಬಂಧವನ್ನೂ ಇದೇ ರೀತಿಯಲ್ಲಿ ಬರೆಯತೊಡಗಿದರೆ ತೊಡಕು ಹುಟ್ಟುತ್ತದೆ.

ಅಲ್ಲಿನ ಸಾವಿರಕ್ಕೂ ಹೆಚ್ಚು ಕಾಲೇಜುಗಳು ‘ಕಾಮನ್ ಆಪ್’ ಎಂಬ ಒಂದೇ ಅರ್ಜಿಯನ್ನು ಸ್ವೀಕರಿಸುತ್ತವೆ. ಅದರ ಮುಖ್ಯ ಪ್ರಬಂಧ 250 ಪದಗಳಿಗೆ ಕಡಿಮೆಯಿರಬಾರದು, 650 ಪದಗಳನ್ನು ಮೀರಬಾರದು. ಓದುವವರಿಗೆ ಮುಂದೆ ಅನೇಕ ಅರ್ಜಿಗಳ ರಾಶಿಯಿರುತ್ತದೆ. ಅವರು ತಿಳಿಯಬಯಸುವುದು ಅರ್ಜಿದಾರನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು; ಅಜ್ಜ ಎಷ್ಟು ದೊಡ್ಡವರೆಂಬುದನ್ನಲ್ಲ. ತಂದೆ ಅಥವಾ ತಾಯಿ ಬದುಕಿದ್ದಾರೆಯೇ ಎಂಬ ಪ್ರಶ್ನೆ ಅದೇ ಅರ್ಜಿಯ ಕುಟುಂಬದ ಭಾಗದಲ್ಲಿ ಬೇರೆಯಾಗಿಯೇ ಇದೆ. ಆದುದರಿಂದ ಅವರಲ್ಲೊಬ್ಬರು ಇಲ್ಲದ ಸಂಗತಿಯನ್ನು ಪ್ರಬಂಧವೇ ಸಾರಬೇಕಾದ ಅಗತ್ಯವೂ ಇಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ವಿಷಯ ಸ್ಪಷ್ಟವಾದೀತು. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳ ಅಜ್ಜ, ತೀರ್ಥಹಳ್ಳಿಯ ಬಳಿಯ ಅಡಕೆ ತೋಟದ ಮನೆಯಲ್ಲಿ, ಇಪ್ಪತ್ತು ವರ್ಷಗಳಿಂದ ದಿನವೂ ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕವನ್ನು ನೋಡಿ ಅಂಕಿಯನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮೊಮ್ಮಗಳು ಮಳೆಗಾಲವನ್ನು ಕಳೆಯಲು ಊರಿಗೆ ಹೋಗಿದ್ದಾಗ ಅವರು ತೀರಿಕೊಂಡರು.

ಅವಳ ಮೊದಲ ಕರಡು ಹೀಗಿತ್ತೆಂದು ಇಟ್ಟುಕೊಳ್ಳಬಹುದು: ನಾನೂರು ಪದಗಳಷ್ಟು ಆಸ್ಪತ್ರೆ, ನಡುರಾತ್ರಿಯ ದೂರವಾಣಿ, ಕಣ್ಣೀರು, ಇನ್ನೂರು ಪದಗಳಷ್ಟು ಅಜ್ಜನ ಸರಳತೆ, ಔದಾರ್ಯ, ವಾತ್ಸಲ್ಯ, ಕೊನೆಯ ಐವತ್ತು ಪದಗಳಲ್ಲಿ ‘ಜೀವನ ಎಷ್ಟು ಕ್ಷಣಿಕವೆಂದು ಅರಿತೆ’ ಎಂಬ ಮುಕ್ತಾಯ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಯಾರ ಅಜ್ಜನಿಗಾದರೂ ಒಪ್ಪುತ್ತದೆ. ಇದನ್ನು ಕಂಡುಹಿಡಿಯುವ ಬಗೆ ಸುಲಭ. ಒಂದೊಂದು ವಾಕ್ಯವನ್ನೂ ಓದಿ, ಪಕ್ಕದ ಮನೆಯ ಹುಡುಗಿ ತನ್ನ ಅಜ್ಜನ ಬಗ್ಗೆ ಇದೇ ವಾಕ್ಯವನ್ನು ಬರೆಯಬಹುದಿತ್ತೇ ಎಂದು ಕೇಳಿಕೊಳ್ಳಬೇಕು. ಬರೆಯಬಹುದಿತ್ತು ಎಂದಾದರೆ ಅದನ್ನು ಹೊಡೆದು ಹಾಕಬೇಕು. ಈ ಪರೀಕ್ಷೆಗೆ ನಿಂತು ಅವಳ ಕರಡಿನಲ್ಲಿ ಉಳಿದದ್ದು ಮಳೆಯ ಪುಸ್ತಕವೊಂದೇ.

ಎರಡನೆಯ ಕರಡು ಆ ಪುಸ್ತಕದಿಂದಲೇ ಆರಂಭವಾಯಿತು. ಸಾವಿನ ಸಂಗತಿಗೆ ಅವಳು ಕೊಟ್ಟದ್ದು ಮೂರೇ ವಾಕ್ಯ: ‘ಜುಲೈ 9ರ ಎದುರಿಗೆ ಅಜ್ಜ 62 ಮಿಲಿಮೀಟರ್ ಎಂದು ಬರೆದಿದ್ದಾರೆ. 10ರಿಂದ 22ರವರೆಗೆ ಪುಟ ಖಾಲಿ. 23ರ ಅಂಕಿ ನನ್ನ ಕೈಬರಹದಲ್ಲಿದೆ.’ ಆ ಖಾಲಿ ಹದಿಮೂರು ದಿನಗಳು ಏನೆಂಬುದು ನಮ್ಮವರಿಗೆ ತಟ್ಟನೆ ಹೊಳೆಯುತ್ತದೆ. ನಮ್ಮ ಸಂಪ್ರದಾಯ ತಿಳಿಯದ ಪರದೇಶದ ಓದುಗನಿಗೂ, ನಿತ್ಯವೂ ಬರೆಯುತ್ತಿದ್ದ ಕೈ ನಿಂತುಹೋಯಿತೆಂಬುದು ತಿಳಿಯದಿರದು. ಸಂಯಮವೆಂದರೆ ದುಃಖವನ್ನು ಬಚ್ಚಿಡುವುದಲ್ಲ. ಅದನ್ನು ಕಾಣುವ ಸಂಗತಿಯೊಂದರ ವಶಕ್ಕೆ ಒಪ್ಪಿಸಿ, ಬರೆಯುವವರು ಪಕ್ಕಕ್ಕೆ ಸರಿಯುವುದು.

ಉಳಿದ ಪದಗಳೆಲ್ಲ ಅವಳು ಮಾಡಿದ ಕೆಲಸಕ್ಕೆ ದೊರೆತವು. ಹಳೆಯ ಪುಸ್ತಕಗಳ ವಾರ್ಷಿಕ ಮೊತ್ತವನ್ನು ಕೂಡಿ ನೋಡಿದಾಗ ಮಳೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಂತೆ ಕಂಡಿತು. ಹವಾಮಾನವೇ ಬದಲಾಗಿದೆಯೆಂದು ಅವಳು ಮೊದಲು ನಂಬಿದಳು. ಆದರೆ ಎರಡು ಕಿಲೋಮೀಟರ್ ದೂರದ ಇನ್ನೊಂದು ತೋಟದವರ ಲೆಕ್ಕದಲ್ಲಿ ಆ ಇಳಿತವಿರಲಿಲ್ಲ. ಕಾರಣ ಅಂಗಳದಲ್ಲೇ ಇತ್ತು. ಮಾಪಕವನ್ನು ಇಟ್ಟಾಗ ಗಿಡವಾಗಿದ್ದ ಹಲಸು ಈಗ ಹತ್ತು ಮೀಟರ್ ಎತ್ತರದ ಮರವಾಗಿ, ಗಾಳಿಯೊಡನೆ ಓರೆಯಾಗಿ ಬರುವ ಮಳೆಗೆ ಅಡ್ಡ ನಿಂತಿತ್ತು. ಅಡ್ಡಿಯಾಗುವ ವಸ್ತುವಿನ ಎತ್ತರದ ಎರಡರಷ್ಟಾದರೂ ದೂರದಲ್ಲಿ, ಎಂದರೆ ಇಲ್ಲಿ ಇಪ್ಪತ್ತು ಮೀಟರ್ ಆಚೆಗೆ, ಮಾಪಕವಿರಬೇಕೆಂಬುದು ನಿಯಮ. ಅದು ಇದ್ದದ್ದು ನಾಲ್ಕು ಮೀಟರ್ ದೂರದಲ್ಲಿ.

ಕರಡನ್ನು ಓದಿದ ತಾಯಿ ಇಲ್ಲಿ ತಡೆದರು. “ಅಜ್ಜ ಹೋದ ಮೇಲೆ ಅವರ ಲೆಕ್ಕ ತಪ್ಪೆಂದು ಪರದೇಶಕ್ಕೆಲ್ಲ ಸಾರಬೇಕೇನೇ?” ಎಂದರು. ಈ ಆಕ್ಷೇಪ ಹಗುರವಾದುದಲ್ಲ. ಸತ್ತವರ ವಿಷಯ ಬರೆಯುವವರ ಸ್ವಂತ ಆಸ್ತಿಯಲ್ಲ. ಅದರಲ್ಲಿ ಮನೆಯವರೆಲ್ಲರ ಪಾಲಿದೆ. ಕಾಯಿಲೆ, ಸಾಲ, ಜಗಳಗಳ ವಿವರ ಬರುವುದಾದರೆ ಅವರ ಒಪ್ಪಿಗೆಯಿಲ್ಲದೆ ಬರೆಯಬಾರದು. ಆದರೆ ಇಲ್ಲಿ ಮಗಳು, “ಅಮ್ಮಾ, ಅಂಕಿಗಳು ತಪ್ಪಲ್ಲ, ಮಾಪಕಕ್ಕೆ ಬಿದ್ದ ನೀರನ್ನು ಅಜ್ಜ ಒಂದು ದಿನವೂ ತಪ್ಪಿಸದೆ ಬರೆದಿದ್ದರಿಂದಲೇ ಮರ ಬೆಳೆದದ್ದು ಲೆಕ್ಕಕ್ಕೆ ಸಿಕ್ಕಿತು” ಎಂದಳು. ತಾಯಿ ಆ ಮಾತನ್ನೇ ಪ್ರಬಂಧದಲ್ಲಿ ಸೇರಿಸೆಂದರು. ಅಜ್ಜನನ್ನು ಕುರಿತ ಹೊಗಳಿಕೆಯೆಂದು ಪ್ರಬಂಧದಲ್ಲಿ ನಿಂತದ್ದು ಅದೊಂದೇ ವಾಕ್ಯ.

ಸಂಯಮ ಅತಿಯಾದಾಗಲೂ ಬರಹ ಕೆಡುತ್ತದೆ. ಅಂಕಿಗಳೇ ತುಂಬಿ, ಅಜ್ಜ ಮೊಮ್ಮಗಳ ಸಂಬಂಧವೇ ಕಾಣದೆ ಹೋದರೆ ಅದು ಪ್ರಯೋಗಶಾಲೆಯ ವರದಿಯಾಗುತ್ತದೆ. ಆಕೆ ಏಳು ವರ್ಷದವಳಿದ್ದಾಗ, ಅಳತೆಯ ಗಾಜನ್ನು ಅವಳ ಕಣ್ಣಿನ ಮಟ್ಟಕ್ಕೆ ಹಿಡಿಯಲು ಅಜ್ಜ ಮೊಣಕಾಲೂರಿ ಕೂರುತ್ತಿದ್ದರೆಂಬ ಒಂದು ವಿವರ ಸಾಕು. ಪ್ರೀತಿಯೆಂಬ ಪದ ಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ಬೇರೆಯಾಗಿ ಇಡಬೇಕು. ಸಾವಿನಿಂದಾಗಿ ಪಾಠಗಳು ತಪ್ಪಿ ಅಂಕಗಳು ಇಳಿದಿದ್ದರೆ, ಅದನ್ನು ಪ್ರಬಂಧದೊಳಗೆ ತುರುಕಬಾರದು. ಅರ್ಜಿಯಲ್ಲಿ ಹೆಚ್ಚಿನ ವಿವರಕ್ಕೆಂದೇ ಪ್ರತ್ಯೇಕ ಸ್ಥಳವಿದೆ. 2025ರಿಂದ ಅದರ ಮಿತಿ 300 ಪದ. ಅಲ್ಲಿ ತಿಂಗಳು, ತಪ್ಪಿದ ದಿನಗಳು, ಇಳಿದ ವಿಷಯಗಳು, ಮತ್ತೆ ಚೇತರಿಸಿಕೊಂಡ ಕಾಲ ಇವಿಷ್ಟನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳಿದರೆ ಸಾಕು. ಶಾಲೆಯವರು ಕಳಿಸುವ ಪತ್ರದಲ್ಲಿಯೂ ಅದನ್ನು ತಿಳಿಸಬಹುದು. ಕಾರಣ ಹೇಳುವ ಹೊರೆ ಇಳಿದ ಮೇಲೆ ಪ್ರಬಂಧ ತಾನೇ ಹಗುರಾಗುತ್ತದೆ.

ಬರೆಯುವ ಕಾಲ ಬಂದಿದೆಯೇ ಇಲ್ಲವೇ ಎಂಬುದಕ್ಕೂ ಒಂದು ಗುರುತಿದೆ. ಉಪಾಧ್ಯಾಯರು ಸೀಸದ ಕಡ್ಡಿಯಿಂದ ಒಂದು ವಾಕ್ಯವನ್ನು ಹೊಡೆದಾಗ, ಅಗಲಿದವರನ್ನೇ ಅವಮಾನಿಸಿದಂತೆ ಮನಸ್ಸು ನೊಂದರೆ, ಆ ದುಃಖ ಇನ್ನೂ ತಿದ್ದುಪಡಿಯನ್ನು ತಾಳದು. ಆಗ ಬೇರೆ ವಿಷಯವನ್ನು ಆರಿಸಿಕೊಳ್ಳುವುದು ಮೇಲು. ಬರೆಯದೆ ಉಳಿದದ್ದರಿಂದ ಅಜ್ಜನ ನೆನಪಿಗೆ ಯಾವ ಕೊರತೆಯೂ ಬಾರದು.

ಆ ಹುಡುಗಿಯ ಪ್ರಬಂಧದ ಮುಕ್ತಾಯದಲ್ಲಿ ನೀತಿಪಾಠವಿರಲಿಲ್ಲ. ಅವಳು ಬಯಲಿನಲ್ಲಿ ಇನ್ನೊಂದು ಮಾಪಕವನ್ನು ಇರಿಸಿದಳು. ಹಳೆಯದನ್ನು ಹಲಸಿನ ಬಳಿಯಿಂದ ಕದಲಿಸಲಿಲ್ಲ. ಎರಡರ ಅಂತರ ತಿಳಿದರೆ ಹಳೆಯ ಅಂಕಿಗಳನ್ನು ಸರಿಯಾಗಿ ಓದಬಹುದೆಂಬುದು ಅವಳ ಲೆಕ್ಕ. ಅಂದಿನಿಂದ ಪುಸ್ತಕದ ಪ್ರತಿ ತಾರೀಖಿನ ಎದುರಿಗೂ ಎರಡು ಅಂಕಿಗಳಿವೆಯೆಂದು ಬರೆದು ಅವಳು ನಿಲ್ಲಿಸಿದಳು.