ಓಪನ್ ಆದರೆ ಸಾಲದು, ಓಡಬೇಕು

"ಐ5 ಇದೆ, 8 ಜಿಬಿ ರ್‍ಯಾಮ್ ಇದೆ, ಎಡಿಟಿಂಗ್‌ಗೆ ಧಾರಾಳ ಸಾಕು ಸಾರ್" ಎಂದು ಅಂಗಡಿಯವರು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ಇನ್‌ಸ್ಟಾಲ್ ಆಗುತ್ತದೆ, ಓಪನ್ ಕೂಡ ಆಗುತ್ತದೆ. ಮದುವೆಯ 4ಕೆ ವಿಡಿಯೊವನ್ನು ಟೈಮ್‌ಲೈನ್‌ಗೆ ಎಳೆದು ಪ್ಲೇ ಒತ್ತಿದಾಗ ಗಟ್ಟಿಮೇಳದ ಸದ್ದು ಮುಂದೆ ಹೋಗುತ್ತದೆ, ಚಿತ್ರ ಮುಗ್ಗರಿಸುತ್ತದೆ.

ತಂತ್ರಾಂಶದ ಜೊತೆ ಕೊಡುವ ಅಗತ್ಯಗಳ ಪಟ್ಟಿಯಲ್ಲಿ ಎರಡು ಕಾಲಂ ಇರುತ್ತವೆ. 'ಕನಿಷ್ಠ' ಎಂದರೆ ತಂತ್ರಾಂಶ ತೆರೆದುಕೊಂಡು ಸಣ್ಣಪುಟ್ಟ ಕೆಲಸ ಮಾಡೀತು ಎಂದಷ್ಟೇ. ದಿನನಿತ್ಯದ ಕೆಲಸಕ್ಕೆ ನೋಡಬೇಕಾದದ್ದು 'ಶಿಫಾರಸು' ಕಾಲಂ, ಅದರಲ್ಲೂ ನಿಮ್ಮ ವಿಡಿಯೊ ಯಾವ ಬಗೆಯದು ಎಂಬ ಸಾಲು. ಪ್ರೀಮಿಯರ್‌ನ 2024ರ ಆವೃತ್ತಿಗೆ ಕನಿಷ್ಠ 8 ಜಿಬಿ ರ್‍ಯಾಮ್ ಸಾಕು. ಶಿಫಾರಸು ಮಾತ್ರ ಎಚ್‌ಡಿ ವಿಡಿಯೊಗೆ 16 ಜಿಬಿ, 4ಕೆಗೆ 32 ಜಿಬಿ. ವಿಂಡೋಸ್ ಮತ್ತು ಬ್ರೌಸರ್ ಸೇರಿಯೇ ಮೂರ್ನಾಲ್ಕು ಜಿಬಿ ನುಂಗುವುದರಿಂದ 8 ಜಿಬಿಯಲ್ಲಿ ಎಡಿಟಿಂಗ್‌ಗೆ ಉಳಿಯುವುದು ಅರ್ಧ ಮಾತ್ರ. `Ctrl+Shift+Esc` ಒತ್ತಿ ನೋಡಿ: Memory ತೊಂಬತ್ತರ ಮೇಲೆ ಹೋಗಿ Disk ಕೂಡ ನೂರರ ಹತ್ತಿರ ಕುಣಿಯುತ್ತಿದ್ದರೆ, ರ್‍ಯಾಮ್ ಸಾಲದೆ ಕಂಪ್ಯೂಟರ್ ಡಿಸ್ಕನ್ನು ಆಶ್ರಯಿಸಿದೆ ಎಂದು ತಿಳಿಯಬಹುದು.

ಹೆಚ್ಚು ಜನ ಎಡವುವುದು ಗ್ರಾಫಿಕ್ಸ್ ಸಾಲಿನಲ್ಲಿ. ಪ್ರೀಮಿಯರ್‌ನ 2024ರ ಆವೃತ್ತಿಗೆ ಕನಿಷ್ಠ 2 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು, 4ಕೆಗೆ 6 ಜಿಬಿ ಅಥವಾ ಹೆಚ್ಚು. ನಿಮ್ಮದೆಷ್ಟು ಎಂದು ತಿಳಿಯಲು ವಿಂಡೋಸ್‌ನ ಸರ್ಚ್‌ನಲ್ಲಿ `dxdiag` ಎಂದು ಟೈಪ್ ಮಾಡಿ, Display ಟ್ಯಾಬ್ ತೆರೆಯಿರಿ. ಅಲ್ಲಿ Approx. Total Memory ಎದುರು 4 ಜಿಬಿ ಚಿಲ್ಲರೆ ಕಂಡು ಹಿಗ್ಗಬೇಡಿ. ಅದರ ಕೆಳಗಿನ Display Memory (VRAM) ಎದುರು ಬರೀ 128 ಎಂಬಿ ಇದ್ದರೆ, ಉಳಿದದ್ದೆಲ್ಲ ನಿಮ್ಮ ರ್‍ಯಾಮ್‌ನಿಂದಲೇ ಪಡೆಯುವ ಸಾಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಲೆಕ್ಕ ಪಕ್ಕದ Render ಟ್ಯಾಬ್‌ನಲ್ಲಿ ಸಿಗುತ್ತದೆ.

ಡಿಸ್ಕ್ ಜಾಗದ ಸಾಲನ್ನೂ ಪೂರ್ತಿ ನಂಬುವಂತಿಲ್ಲ. ಪಟ್ಟಿಯಲ್ಲಿ ಹೇಳಿದ 8 ಜಿಬಿ ಇನ್‌ಸ್ಟಾಲ್ ಮಾಡಲು ಮಾತ್ರ. ನೀವು ಹಾಕುವ ವಿಡಿಯೊ, ಕೆಲಸದ ನಡುವೆ ತಾನಾಗಿ ಬೆಳೆಯುವ ಕ್ಯಾಶ್ ಫೈಲುಗಳು, ಕೊನೆಯ ಎಕ್ಸ್‌ಪೋರ್ಟ್ ಎಲ್ಲಕ್ಕೂ ಬೇರೆ ಜಾಗ ಬೇಕು.

ಈಗಾಗಲೇ ಕೊಂಡ ಲ್ಯಾಪ್‌ಟಾಪ್ ಕನಿಷ್ಠದ ಆಸುಪಾಸಿನಲ್ಲಿದ್ದರೆ 'ಪ್ರಾಕ್ಸಿ' ಬಳಸಬಹುದು. ಪ್ರತಿ ವಿಡಿಯೊಗೂ ಒಂದು ಹಗುರ ಪ್ರತಿ ಮಾಡಿಕೊಂಡು ಅದರ ಮೇಲೆ ಕತ್ತರಿಸಿ ಜೋಡಿಸಿದರೆ, ಎಕ್ಸ್‌ಪೋರ್ಟ್ ವೇಳೆ ತಂತ್ರಾಂಶ ಮೂಲ ವಿಡಿಯೊವನ್ನೇ ತೆಗೆದುಕೊಳ್ಳುತ್ತದೆ. ಪ್ಲೇ ಸರಾಗವಾಗುತ್ತದೆ, ಆದರೆ ಎಕ್ಸ್‌ಪೋರ್ಟ್‌ಗೆ ಹಿಡಿಯುವ ಹೊತ್ತು ಕಡಿಮೆಯಾಗದು.

ಹೊಸದು ಕೊಳ್ಳುವವರು ಗ್ರಾಫಿಕ್ಸ್ ಸಾಲನ್ನೇ ಮೊದಲು ನೋಡಲಿ. ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ರ್‍ಯಾಮ್ ಆಮೇಲೂ ಹಾಕಿಸಬಹುದು, ಗ್ರಾಫಿಕ್ಸ್ ಚಿಪ್ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ.