ಊದಿದ ಹಾಲೆ, ಬಿಗಿದ ತಿರುಪು

ಕಿವಿಯ ಹಾಲೆಯಲ್ಲಿ ಎಲುಬಿಲ್ಲ, ಕಿವಿಯ ಮೇಲ್ಭಾಗದಲ್ಲಿರುವಂತಹ ಮೃದ್ವಸ್ಥಿಯೂ ಇಲ್ಲ. ಬರೀ ಕೊಬ್ಬು ಮತ್ತು ಚರ್ಮದಿಂದಾದ ಈ ಭಾಗ ಗಾಯವಾದಾಗ ತಡೆಯಿಲ್ಲದೆ ಊದುತ್ತದೆ. ಓಲೆಯ ಕಡ್ಡಿ ಮಾತ್ರ ಅದಕ್ಕೆ ತಕ್ಕಂತೆ ಉದ್ದವಾಗುವುದಿಲ್ಲ. ಮುಂದೆ ಓಲೆಯ ಮುಖ, ಹಿಂದೆ ತಿರುಪು, ನಡುವೆ ಸಿಕ್ಕಿಕೊಂಡ ಹಾಲೆ: ಊತ ಹೆಚ್ಚಿದಷ್ಟೂ ಲೋಹ ಚರ್ಮವನ್ನು ಒತ್ತುತ್ತದೆ, ಒತ್ತಿದ ಜಾಗದಲ್ಲಿ ರಕ್ತದ ಓಡಾಟ ಕುಗ್ಗುತ್ತದೆ, ಚರ್ಮ ಹುಣ್ಣಾಗುತ್ತದೆ, ಅದರಿಂದ ಊತ ಇನ್ನಷ್ಟು ಏರುತ್ತದೆ. ಹೀಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಓಲೆಯ ಮುಖವೋ ತಿರುಪೋ ಒಳಗೆ ಇಳಿದು ಅದರ ಮೇಲೆ ಹೊಸ ಚರ್ಮ ಬೆಳೆಯತೊಡಗುತ್ತದೆ. ಹೊಸದಾಗಿ ಚುಚ್ಚಿಸಿದ ಕಿವಿಯಲ್ಲಿ ಇದು ಹೆಚ್ಚು. ಕಳೆದುಹೋದೀತೆಂಬ ಭಯದಿಂದ ತಿರುಪನ್ನು ಮೊದಲ ದಿನವೇ ಹಾಲೆಗೆ ಅಂಟುವಂತೆ ಬಿಗಿಯುವುದು ಇದಕ್ಕೆ ದೊಡ್ಡ ಕಾರಣ.

ಕೈ ಹಾಕುವ ಮೊದಲು ಒಳ್ಳೆಯ ಬೆಳಕಿನಲ್ಲಿ ಕಿವಿಯನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡಬೇಕು. ಮುಖ ಮತ್ತು ತಿರುಪು ಎರಡೂ ಚರ್ಮದ ಮೇಲೆ ಪೂರ್ತಿ ಕಾಣುತ್ತಿದ್ದರೆ ಅದು ಬಿಗಿಯಾಗಿದೆ ಅಷ್ಟೆ, ಮನೆಯಲ್ಲೇ ತೆಗೆಯಬಹುದು. ಒಂದು ಬದಿ ಅರ್ಧ ಮುಳುಗಿದ್ದರೆ ಒಂದು ಮೃದುವಾದ ಪ್ರಯತ್ನಕ್ಕೆ ಅವಕಾಶವಿದೆ. ಒಂದು ಬದಿ ಕಾಣದೆ, ಅಲ್ಲಿ ಗಟ್ಟಿ ಗಂಟು ಮಾತ್ರ ಕೈಗೆ ಸಿಗುತ್ತಿದ್ದರೆ ಅದು ವೈದ್ಯರ ಕೆಲಸ. ಹಾಲೆಯ ಬದಲು ಕಿವಿಯ ಮೇಲಿನ ಗಟ್ಟಿ ಭಾಗದಲ್ಲಿ ಚುಚ್ಚಿಸಿದ್ದು ಊದಿದ್ದರೂ ತಡ ಮಾಡದೆ ವೈದ್ಯರಿಗೆ ತೋರಿಸಬೇಕು. ಮೃದ್ವಸ್ಥಿಗೆ ಸೋಂಕು ತಗುಲಿದರೆ ಕಿವಿಯ ಆಕಾರವೇ ಕೆಡಬಹುದು.

ಮನೆಯಲ್ಲಿ ತೆಗೆಯುವಾಗ ಅರ್ಧ ಕೆಲಸ ಊತ ಇಳಿಸುವುದರಲ್ಲೇ ಇದೆ. ಕುದಿಸಿ ಆರಿಸಿದ ಒಂದು ಲೋಟ, ಅಂದರೆ ಸುಮಾರು 250 ಮಿಲಿ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಉಪ್ಪು ಬೆರೆಸಿ, ಶುದ್ಧ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಾಲೆಯ ಎರಡೂ ಬದಿಗೆ ಐದು ಹತ್ತು ನಿಮಿಷ ಹಿಡಿದರೆ ಕಡ್ಡಿಯ ಸುತ್ತ ಒಣಗಿದ ಹಕ್ಕಳೆ ಮೆತ್ತಗಾಗುತ್ತದೆ. ಅನೇಕ ಸಲ ತಿರುಪನ್ನು ಹಿಡಿದಿಟ್ಟಿರುವುದು ಈ ಹಕ್ಕಳೆಯೇ. ಅದನ್ನು ಕೀಳದೆ ಒರೆಸಿ ತೆಗೆದ ಮೇಲೆ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಐದಾರು ನಿಮಿಷ ಇಡಬೇಕು. ಊತ ತುಸು ಇಳಿಯುತ್ತದೆ, ನೋವೂ ಮಂದವಾಗುತ್ತದೆ. ಅರಿಶಿನ ಮೆತ್ತುವುದು ಬೇಡ. ಹಳದಿ ಬಣ್ಣದಡಿ ಕೆಂಪು ಎಲ್ಲಿಯವರೆಗೆ ಹರಡಿದೆ ಎಂಬುದೇ ಕಾಣದಾಗುತ್ತದೆ. ಎಣ್ಣೆಯೂ ಈ ಹಂತದಲ್ಲಿ ತೊಂದರೆಯೇ, ಬೆರಳು ಜಾರಿದರೆ ಹಿಡಿತ ಸಿಗುವುದಿಲ್ಲ.

ಹಿಡಿತಕ್ಕೆ ಬೇಕಾದದ್ದು ತೊಳೆದು ಒಣಗಿಸಿದ ಕೈ ಮತ್ತು ಎರಡು ತುಂಡು ಒಣ ಗಾಜ್ ಬಟ್ಟೆ. ಕಿವಿಯ ರಂಧ್ರದ ಬಾಯಿಗೆ ಹತ್ತಿಯ ಉಂಡೆ ಇಟ್ಟರೆ ಸಣ್ಣ ತಿರುಪು ಒಳಗೆ ಬೀಳುವುದಿಲ್ಲ. ಮಗುವಾದರೆ ಒಬ್ಬರು ತಲೆಯನ್ನು ಹಿಡಿದು ಕೂರಬೇಕು, ಬಿಚ್ಚಿದ ತುಂಡುಗಳು ಮಗುವಿನ ಕೈಗೆ, ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಮುಂದಿನದು ಓಲೆಯ ಜಾತಿಯನ್ನು ಅವಲಂಬಿಸಿದೆ. ನಮ್ಮ ಚಿನ್ನದ ಓಲೆಗಳಲ್ಲಿ ಹೆಚ್ಚಿನವಕ್ಕೆ ಮರೆ ಇರುವ ತಿರುಪು. ಮುಂದಿನ ಮುಖವನ್ನು ಒಂದು ಕೈಯಲ್ಲಿ ಅಲುಗಾಡದಂತೆ ಹಿಡಿದು, ಕಿವಿಯ ಹಿಂದಿನಿಂದ ನೋಡುತ್ತ ತಿರುಪನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಎಡವಟ್ಟಾಗುವುದು ಇಲ್ಲಿಯೇ. ಮುಖವನ್ನು ಬಿಗಿ ಹಿಡಿಯದಿದ್ದರೆ ತಿರುಪಿನ ಜೊತೆ ಇಡೀ ಕಡ್ಡಿ ಹಾಲೆಯೊಳಗೆ ಸುತ್ತುತ್ತದೆ, ಮರೆಗಳು ಹಸಿ ಗಾಯವನ್ನು ಕೆರೆಯುತ್ತವೆ, ತಿರುಪು ಮಾತ್ರ ಇದ್ದಲ್ಲೇ ಇರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು ತಾವೇ ಬಿಚ್ಚಿಕೊಳ್ಳುವವರು ದಿಕ್ಕು ತಪ್ಪಿ ಇನ್ನೂ ಬಿಗಿಯುವುದೂ ಉಂಟು, ಆದ್ದರಿಂದ ಇನ್ನೊಬ್ಬರ ಕೈ ಒಳ್ಳೆಯದು.

ಗನ್ನಿನಿಂದ ಚುಚ್ಚಿದ ಕಿವಿಗಳಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ಕೂರಿಸುವ ಪುಶ್ ಬ್ಯಾಕ್. ಚಿಟ್ಟೆಯ ರೆಕ್ಕೆಯಂತೆ ಸುರುಳಿಯಾದ ಎರಡು ತಗಡುಗಳು ಕಡ್ಡಿಯನ್ನು ಎರಡು ಕಡೆಯಿಂದ ಅದುಮಿ ಹಿಡಿಯುತ್ತವೆ. ಕಡ್ಡಿಯ ತುದಿಯ ಬಳಿ ಒಂದು ಸಣ್ಣ ಗೀರು ಇರುತ್ತದೆ. ಅದನ್ನು ದಾಟುವಾಗ ಒಮ್ಮೆ ತಡೆದಂತಾಗುತ್ತದೆ, ಇದು ಸಹಜ. ಇದನ್ನು ತಿರುಗಿಸಿ ಪ್ರಯೋಜನವಿಲ್ಲ. ಮುಖವನ್ನು ಹಿಡಿದುಕೊಂಡು, ಹಿಂಬದಿಯ ತುಂಡನ್ನು ಅತ್ತಿತ್ತ ಸ್ವಲ್ಪವೇ ಅಲುಗಿಸುತ್ತ ನೇರವಾಗಿ ಹಿಂದಕ್ಕೆ ಎಳೆಯಬೇಕು. ಎಳೆತ ಮುಖಕ್ಕೂ ಹಿಂದಿನ ತುಂಡಿಗೂ ನಡುವೆ ಇರಬೇಕು, ಹಾಲೆಯ ಮೇಲೆ ಬೀಳಬಾರದು. ಹಾಲೆ ಜಗ್ಗುತ್ತಿದೆ ಎಂದರೆ ಒಂದು ಕೈಯ ಹಿಡಿತ ಸಡಿಲಿದೆ ಎಂದೇ ಅರ್ಥ.

ಏಳು ವರ್ಷದ ಹುಡುಗಿಯೊಬ್ಬಳಿಗೆ ಗನ್ನಿನಿಂದ ಕಿವಿ ಚುಚ್ಚಿಸಿ ಐದು ದಿನವಾಗಿದೆ ಎಂದಿಟ್ಟುಕೊಳ್ಳೋಣ. ಬಲಗಿವಿಯ ಮೇಲೆ ಮಲಗುವ ರೂಢಿ. ಬೆಳಿಗ್ಗೆ ನೋಡಿದರೆ ಆ ಹಾಲೆ ದಪ್ಪಗಾಗಿದೆ, ಹರಳಿನ ಅರ್ಧ ಭಾಗ ಮಾತ್ರ ಕಾಣುತ್ತಿದೆ, ಹಿಂದಿನ ಚಿಟ್ಟೆ ಪೂರ್ತಿ ಹೊರಗಿದೆ. ಜ್ವರವಿಲ್ಲ, ಕೆಂಪು ಹಾಲೆಯನ್ನು ದಾಟಿಲ್ಲ. ಉಪ್ಪುನೀರು, ಮಂಜುಗಡ್ಡೆ ಆದ ಮೇಲೆ ತಾಯಿ ಹಿಂದಿನಿಂದ ಚಿಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಂದಕ್ಕೆ ಒತ್ತಿದರೆ ಹರಳು ಮೇಲೆದ್ದು ಅದರ ಅಂಚು ಹಿಡಿಗೆ ಸಿಗುತ್ತದೆ. ಆಗ ಅದನ್ನು ಗಾಜ್‌ನಿಂದ ಹಿಡಿದು ಚಿಟ್ಟೆಯನ್ನು ಹಿಂದಕ್ಕೆಳೆಯಬಹುದು. ಅದು ಬಿಟ್ಟ ಮೇಲೆ ಕಡ್ಡಿ ಮುಂದಿನಿಂದ ಸುಲಭವಾಗಿ ಬರುತ್ತದೆ. ಆದರೆ ಒತ್ತಿದಾಗ ಹರಳು ಏಳದೆ ಚರ್ಮ ಬಿಳಿಚಿದರೆ, ರಕ್ತ ಬಂದರೆ, ಹುಡುಗಿ ತಲೆ ಕೊಡದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಹತ್ತು ನಿಮಿಷದಲ್ಲಿ ಆಗದ್ದು ಅರ್ಧ ಗಂಟೆಯ ಗುದ್ದಾಟದಲ್ಲಿ ಆಗುವುದಿಲ್ಲ, ಊತ ಮಾತ್ರ ಏರುತ್ತದೆ.

ಆಸ್ಪತ್ರೆಯಲ್ಲಿ ಇದು ಸಣ್ಣ ಕೆಲಸ. ಹಾಲೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚಿಟ್ಟೆಯ ಸುರುಳಿಯೊಳಗೆ ಸಪೂರ ಚಿಮಟ ಇಟ್ಟು ಅಗಲಿಸುತ್ತಾರೆ, ಹಿಡಿತ ಸಡಿಲಿ ಅದು ಕಳಚುತ್ತದೆ. ಚರ್ಮ ಮುಚ್ಚಿದ್ದರೆ ಪುಟ್ಟ ಸೀಳು ಹಾಕಿ ತೆಗೆಯುತ್ತಾರೆ, ಆದಷ್ಟೂ ಕಿವಿಯ ಹಿಂಬದಿಯಲ್ಲಿ, ಕಲೆ ಕಾಣದಂತೆ. ಬ್ಲೇಡು, ಸೂಜಿ ಹಿಡಿದು ಮನೆಯಲ್ಲಿ ಇದನ್ನೇ ಮಾಡಹೊರಟರೆ ಮರಗಟ್ಟಿಸುವ ಔಷಧವೂ ಇಲ್ಲ, ರಕ್ತ ನಿಲ್ಲಿಸುವ ಸಲಕರಣೆಯೂ ಇಲ್ಲ. ಅಕ್ಕಸಾಲಿಗರ ಬಳಿ ಕಡ್ಡಿ ಕತ್ತರಿಸಿಕೊಳ್ಳುವುದು ತಿರುಪು ಪೂರ್ತಿ ಹೊರಗಿದ್ದು ಕೀವಿಲ್ಲದಾಗ ಮಾತ್ರ ಸರಿ. ಅಲ್ಲಿಯೂ ಕತ್ತರಿಸಿದ ತುದಿಯ ಚೂಪನ್ನು ಅರದಿಂದ ಉಜ್ಜಿ ನಯಗೊಳಿಸದೆ ಹಾಲೆಯ ಮೂಲಕ ಎಳೆದರೆ ಒಳಗೆಲ್ಲ ಗೀರುತ್ತದೆ.

ಬರೀ ಸ್ವಲ್ಪ ಕೀವಾಗಿದ್ದು ಓಲೆ ಸಡಿಲವಾಗಿಯೇ ಇದ್ದರೆ ವೈದ್ಯರು ಕೆಲವೊಮ್ಮೆ ಅದನ್ನು ಹಾಗೇ ಬಿಡಲು ಹೇಳುವುದುಂಟು. ತೆಗೆದರೆ ತೂತು ಮುಚ್ಚಿ ಕೀವು ಒಳಗೇ ಉಳಿದೀತೆಂಬುದು ಕಾರಣ. ಚರ್ಮದೊಳಗೆ ಹುದುಗಿದ ಓಲೆಗೆ ಈ ಮಾತು ಸಲ್ಲದು, ಅದು ಹೊರಬರಲೇಬೇಕು. ಕೆಂಪು ಕೆನ್ನೆ ಅಥವಾ ಕುತ್ತಿಗೆಗೆ ಹರಡುವುದು, ಜ್ವರ, ಗಟ್ಟಿ ಕೀವು ಇವು ಅದೇ ದಿನ ವೈದ್ಯರನ್ನು ಕಾಣಬೇಕಾದ ಗುರುತುಗಳು. ಮಧುಮೇಹ ಇರುವವರು ಇವಕ್ಕಾಗಿ ಕಾಯುವುದೂ ಬೇಡ.

ಓಲೆ ಹೊರಬಂದ ಮೇಲೆ ರಕ್ತ ಜಿನುಗಿದರೆ ಹಾಲೆಯನ್ನು ಗಾಜ್‌ನಿಂದ ಎರಡೂ ಬದಿ ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಆಮೇಲೆ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಒರೆಸಿದರೆ ಸಾಕು. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ನೋಡಿಕೊಳ್ಳುವುದು ಒಳ್ಳೆಯದು. ತೂತು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಗಾಯ ಪೂರ್ತಿ ಮಾಗಿ ಹಾಲೆ ಮೆತ್ತಗಾಗುವ ತನಕ, ಅಂದರೆ ಕನಿಷ್ಠ ಆರೆಂಟು ವಾರ, ಮತ್ತೆ ಚುಚ್ಚಿಸಬಾರದು. ಚುಚ್ಚಿಸುವಾಗ ಹಳೆಯ ಕಲೆಯನ್ನು ಬಿಟ್ಟು ಪಕ್ಕದಲ್ಲಿ, ನಿಕ್ಕಲ್ ಇಲ್ಲದ ಲೋಹದ ಉದ್ದ ಕಡ್ಡಿಯ ಓಲೆ ಹಾಕಿಸಬೇಕು. ತಿರುಪಿಗೂ ಹಾಲೆಗೂ ನಡುವೆ ಊತಕ್ಕೆಂದು ಒಂದೆರಡು ಮಿಲಿಮೀಟರ್ ಜಾಗ ಬಿಟ್ಟಿರಬೇಕು.